ಮಾತಿಲ್ಲದ ಹನ್ನೆರಡು ವರ್ಷ

ನಮ್ಮ ನಾಟಕ ಕಂಪನಿ ಮಂಡ್ಯದಲ್ಲಿ ಕ್ಯಾಂಪು ಹಾಕಿದ್ದ ವರ್ಷ ಮಾಲೀಕರಿಗೆ ಟಾಕಿ, ಅಂದರೆ ಮಾತಾಡುವ ಸಿನಿಮಾ, ತೆಗೆಯುವ ಹುಚ್ಚು ಹಿಡಿಯಿತು. ಆಗ ಎಲ್ಲ ಕಂಪನಿಗಳಿಗೂ ಆ ಹುಚ್ಚು ಹಿಡಿದಿತ್ತು. ನಮಗೆ ಸ್ವಲ್ಪ ತಡವಾಗಿ ಹಿಡಿಯಿತು, ಅಷ್ಟೆ. ನಾನು ಕಂಪನಿಯ ಬರಹಗಾರ. ಹುಟ್ಟಿದ್ದು ಕಿರುಗಾವಲಿನ ಬೇಸಾಯಗಾರರ ಮನೆಯಲ್ಲಿ. ಮಳವಳ್ಳಿಯಲ್ಲಿ ಕೆಲವು ಕಾಲ ಮೇಷ್ಟ್ರಾಗಿದ್ದು, ಅದನ್ನು ಬಿಟ್ಟು ನಾಟಕ ಬರೆಯಲು ಬಂದವನು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ, ಕಂಪನಿಯಲ್ಲೂ ನನ್ನನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಊರಲ್ಲಿ ಯಾರಾದರೂ ನನ್ನ ಸಮಾಚಾರ ಕೇಳಿದರೆ ನಮ್ಮಪ್ಪ "ಅವ್ನು ಎಲ್ಲೋ ಅವ್ನೆ" ಅಂದು ಮಳೆಯ ಮಾತು ತೆಗೆಯುತ್ತಿದ್ದರಂತೆ.

ಟಾಕಿಗೆ ಮಾಲೀಕರು ಆರಿಸಿದ್ದು ನಾನೇ ಬರೆದ ಒಂದು ಸಾಮಾಜಿಕ ನಾಟಕ. ಕಥೆ ಏನೂ ದೊಡ್ಡದಲ್ಲ. ಒಬ್ಬ ರೈತನ ಮಗ ಸುಳ್ಳು ಆರೋಪಕ್ಕೆ ಸಿಕ್ಕಿ ಹನ್ನೆರಡು ವರ್ಷ ಜೈಲಿಗೆ ಹೋಗುತ್ತಾನೆ. ಮನೆಯಲ್ಲಿ ಹೆಂಡತಿ ಮತ್ತು ಮುದಿ ತಂದೆ ಕಾಯುತ್ತಾರೆ. ಕೊನೆಗೆ ಮಗ ಬರುತ್ತಾನೆ, ಎಲ್ಲರೂ ಅಳುತ್ತಾರೆ, ಮಂಗಳ ಹಾಡುತ್ತೇವೆ. ಆ ತಂದೆಯ ಪಾರ್ಟು ಮಾಡುತ್ತಿದ್ದವರು ಕಂಪನಿಯ ಅತಿ ಹಳೆಯ ನಟರು, ನಿಡಘಟ್ಟದವರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದೆವು. ಹೊಸದಾಗಿ ಸೇರಿದವನೊಬ್ಬ ಒಮ್ಮೆ ಮರ್ಯಾದೆಗೆ ತಾತ ಅಂದುಬಿಟ್ಟ. ಅಣ್ಣ ಒಂದು ವಾರ ಅವನ ಕಡೆ ತಿರುಗಿ ನೋಡಲಿಲ್ಲ.

ಅಣ್ಣ ಮೂವತ್ತು ವಯಸ್ಸಿಗೇ ಮುದುಕನ ಪಾರ್ಟಿಗೆ ನಿಂತವರು. ಅಂದಿನಿಂದ ದಿನಾ ರಾತ್ರಿ ತಲೆಗೂ ಮೀಸೆಗೂ ಬಿಳಿ ಪುಡಿ ಹಚ್ಚಿ, ಕೆನ್ನೆಯ ಮೇಲೆ ಗೆರೆ ಎಳೆದು, ಬೆನ್ನು ಬಗ್ಗಿಸಿ ಮುದುಕರಾಗುವುದು. ಆಟ ಮುಗಿದ ಮೇಲೆ ಎಣ್ಣೆ ಹಚ್ಚಿ ಒರೆಸಿಕೊಂಡು ಮತ್ತೆ ಹುಡುಗರಾಗುವುದು. ಹೀಗೆ ವರ್ಷಗಟ್ಟಲೆ ನಡೆದಿದ್ದರಿಂದ ಮುಪ್ಪು ಅನ್ನುವುದು ಒರೆಸಿದರೆ ಹೋಗುವ ಪದಾರ್ಥ ಅಂತ ಅವರಿಗೆ ಗಟ್ಟಿಯಾಗಿಬಿಟ್ಟಿತ್ತು. ಇಷ್ಟರಲ್ಲಿ ತಲೆ ನಿಜವಾಗಿಯೇ ನೆರೆತಿತ್ತು. ಅದಕ್ಕೆ ಹಗಲು ಹೊತ್ತು ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಕಪ್ಪು ಮಾಡುತ್ತಿದ್ದರು, ರಾತ್ರಿ ಆ ಕಪ್ಪಿನ ಮೇಲೆ ಬಿಳಿ ಪುಡಿ ಹಚ್ಚುತ್ತಿದ್ದರು. ಇದರಲ್ಲಿ ತಮಾಷೆ ಇದೆ ಅಂತ ಅವರಿಗೆ ಹೇಳುವ ಧೈರ್ಯ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ.

ಮೂರನೇ ಅಂಕದ ಮೊದಲಲ್ಲಿ ಅವರದ್ದೊಂದು ಭಾಷಣ ಇತ್ತು. ತೆರೆಯ ಮುಂದೆ ಒಬ್ಬರೇ ಬಂದು ನಿಂತು, ಕೋಲು ಊರಿ, ಹನ್ನೆರಡು ವರ್ಷದಲ್ಲಿ ಏನೇನಾಯಿತು ಅನ್ನುವುದನ್ನು ಹೇಳುವುದು. ಹಸು ಸತ್ತದ್ದು, ಸೂರು ಸೋರಿದ್ದು, ಸೊಸೆ ಸೊರಗಿದ್ದು, ನೆಂಟರು ಬಾರದೆ ಹೋದದ್ದು. ಜನ ಗೊಳೋ ಅಂತ ಅಳುತ್ತಿದ್ದರು. ಮದ್ದೂರಿನಲ್ಲಂತೂ ಭಾಷಣಕ್ಕೆ ಒನ್ಸ್‌ಮೋರ್ ಬಿದ್ದು, ಹಸು ಎರಡು ಸಲ ಸತ್ತಿತ್ತು. ಬರೆದವನು ನಾನಾದ್ದರಿಂದ ಆ ಭಾಷಣದ ಗುಟ್ಟು ನನಗೆ ಗೊತ್ತಿತ್ತು. ಅದನ್ನು ಬರೆದದ್ದು ದುಃಖಕ್ಕಲ್ಲ. ತೆರೆಯ ಹಿಂದೆ ನಾಯಕಿ ರೇಷ್ಮೆ ಸೀರೆ ಬಿಚ್ಚಿ ಹರಕು ಸೀರೆ ಉಡಬೇಕು, ಅರಮನೆಯಂಥ ಮನೆಯ ಪರದೆ ಇಳಿಸಿ ಗುಡಿಸಲ ಪರದೆ ಏರಿಸಬೇಕು. ಅದಕ್ಕೆ ಹೊತ್ತು ಬೇಕು. ಎಲ್ಲ ಮುಗಿದ ಮೇಲೆ ಒಳಗಿನಿಂದ ಬಟ್ಟೆಯವನು ಕೆಮ್ಮುತ್ತಿದ್ದ. ಕೆಮ್ಮು ಕೇಳುವವರೆಗೆ ಅಣ್ಣ ಮಾತಾಡಬೇಕು. ಸೀರೆಯ ನೆರಿಗೆ ಸರಿಯಾಗದ ದಿನ ಅಣ್ಣ ಕೈಯಿಂದ ಎರಡು ಗಾದೆ, ಒಂದು ವಚನ ಸೇರಿಸಿ ಎಳೆಯುತ್ತಿದ್ದರು. ಆ ದಿನಗಳಲ್ಲಿ ಜನ ಇನ್ನೂ ಹೆಚ್ಚು ಅಳುತ್ತಿದ್ದರು.

ಟಾಕಿಗೆ ಅಂತ ಮಾಲೀಕರು ಒಬ್ಬ ಡೈರೆಕ್ಟರನ್ನು ಕರೆಸಿದರು. ಮೈಸೂರಿನವರೇ, ಬೊಂಬಾಯಿಗೆ ಹೋಗಿ ಮೂಕಿ ಚಿತ್ರಗಳ ಕಾಲದಿಂದ ಕೆಲಸ ಕಲಿತವರು. ತೆಳ್ಳಗೆ, ಮಾತು ಕಡಿಮೆ, ಕಾಫಿ ಜಾಸ್ತಿ. ನಾಟಕವನ್ನು ಪೂರ್ತಿ ನೋಡಿ, ಮಾರನೆಯ ಬೆಳಿಗ್ಗೆ ನನ್ನ ಹಸ್ತಪ್ರತಿಯಲ್ಲಿ ಆ ಭಾಷಣದ ಮೇಲೆ ಒಂದು ಅಡ್ಡಗೆರೆ ಎಳೆದರು. ಕ್ಯಾಮರಾ ಮುಂದೆ ಸೀರೆ ಬದಲಾಯಿಸಲು ಯಾರೂ ಕಾಯಬೇಕಾಗಿಲ್ಲ, ಕತ್ತರಿಸಿ ಅಂಟಿಸಿದರಾಯಿತು. ಆದ್ದರಿಂದ ಇಷ್ಟು ಮಾತಿಗೆ ಇಲ್ಲಿ ಕೆಲಸವಿಲ್ಲ ಅಂದರು. ಇದರ ಬದಲಿಗೆ ಮಾಂಟೇಜು ಬರೆಯಿರಿ ಅಂದರು. ಹಾಗಂದರೇನು ಅಂತ ಕೇಳಿದೆ. ಚಿಕ್ಕ ಚಿಕ್ಕ ಚಿತ್ರ ಒಂದರ ಪಕ್ಕ ಒಂದು ಇಟ್ಟು ಕಾಲ ಸರಿದದ್ದನ್ನು ಕಣ್ಣಿಗೇ ಕಾಣಿಸುವುದು, ಯಾರೂ ಬಾಯಿಬಿಟ್ಟು ಹೇಳಕೂಡದು ಅಂದರು.

ಮಾಲೀಕರಿಗೆ ಇದರಿಂದ ಎರಡು ಭಯ ಹುಟ್ಟಿತು. ಜನಕ್ಕೆ ಅರ್ಥವಾಗುವುದಿಲ್ಲ ಅನ್ನುವುದು ಮೊದಲನೆಯದು. ಪರದೆಯ ಮೇಲೆ 'ಹನ್ನೆರಡು ವರ್ಷಗಳ ನಂತರ' ಅಂತ ಬರೆದು ತೋರಿಸಿಬಿಡೋಣ ಅಂದರು. ಸಿನಿಮಾ ಟೆಂಟಿನಲ್ಲಿ ಕೂರುವ ಅರ್ಧ ಜನಕ್ಕೆ ಓದು ಬರದು, ಓದು ಬರುವವರು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಅದರ ಮೇಲೆ ಚರ್ಚೆ ಆಗುತ್ತದೆ ಅಂತ ಡೈರೆಕ್ಟರು ಬೇಡವೆಂದರು. ಎರಡನೆಯ ಭಯ ಅಣ್ಣನದು. ತಂದೆಯ ಪಾರ್ಟಿನಲ್ಲಿ ಆ ಭಾಷಣ ತೆಗೆದರೆ ಉಳಿಯುವುದು "ಬಾಪ್ಪ ಮಗನೇ" ಅನ್ನುವ ಒಂದು ಮಾತು. ಅಣ್ಣ ಒಪ್ಪುವುದಿಲ್ಲ, ಅಣ್ಣ ಇಲ್ಲದೆ ಹೋದರೆ ಕಂಪನಿಯ ಅರ್ಧ ಜನ ಸ್ಟುಡಿಯೋಕ್ಕೆ ಬರುವುದಿಲ್ಲ. ಹೀಗಾಗಿ ಅಣ್ಣನ ಮಾತು ತೆಗೆದು ಅಣ್ಣನನ್ನು ಉಳಿಸಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಹುಲಿಗೆ ಹುಲ್ಲು ಮೇಯಿಸು ಅಂತ ಹೇಳಿದ್ದರೆ ಅದನ್ನಾದರೂ ಪ್ರಯತ್ನಿಸಬಹುದಿತ್ತು.

ಮೊದಲು ಕ್ಯಾಲೆಂಡರಿನ ಹಾಳೆಗಳು ಒಂದೊಂದಾಗಿ ಹಾರಿಹೋಗುವಂತೆ ಬರೆದೆ. ಬಹಳ ಹೊಸದು ಅಂತ ನನಗೆ ಹೆಮ್ಮೆ. ಡೈರೆಕ್ಟರು ನೋಡಿ, ಇದನ್ನು ನಾನು ಬೊಂಬಾಯಿಯಲ್ಲಿ ನಾಲ್ಕಾರು ಚಿತ್ರಕ್ಕೆ ಹಾರಿಸಿದ್ದೇನೆ ಮೇಷ್ಟ್ರೇ, ಆ ಕಾಗದ ಗುಡಿಸಿದ್ದೂ ನಾನೇ ಅಂದರು. ನಮ್ಮ ಅಡಿಗೆಯವನಿಗೆ ಹೇಳಿ ನೋಡಿದೆ. ಗಾಳಿ ಜೋರಾಗಿದ್ದರೆ ಕಿಟಕಿ ಮುಚ್ಚಬೇಕಪ್ಪ, ಆ ಸೊಸೆ ಏನು ಮಾಡುತ್ತಿದ್ದಳು ಅಂತ ಕೇಳಿದ. ಅಲ್ಲಿಗೆ ಕ್ಯಾಲೆಂಡರು ಹೋಯಿತು.

ಆಮೇಲೆ ಡೈರೆಕ್ಟರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಒಂದೇ ಜಾಗ ಇಟ್ಟುಕೊಳ್ಳಿ, ಒಬ್ಬನೇ ಮನುಷ್ಯ, ಅವನು ದಿನಾ ಮಾಡುವ ಒಂದೇ ಕೆಲಸ. ಕ್ಯಾಮರಾ ಪ್ರತಿಸಲ ಅದೇ ಕಡೆ ನಿಂತಿರಲಿ. ಎಲ್ಲವೂ ಒಂದೇ ಥರ ಇದ್ದರೆ ಬದಲಾದದ್ದು ತಾನಾಗಿ ಎದ್ದು ಕಾಣುತ್ತದೆ. ಎಲ್ಲವನ್ನೂ ಬದಲಾಯಿಸಿದರೆ ಯಾವುದೂ ಕಾಣುವುದಿಲ್ಲ. ಮೊದಲ ಚಿತ್ರವನ್ನು ನಿಧಾನವಾಗಿ ತೋರಿಸಿ, ಆಮೇಲಿನವು ಚಿಕ್ಕದಾಗುತ್ತಾ ಬರಲಿ, ಕೊನೆಯದರಲ್ಲಿ ಮತ್ತೆ ನಿಲ್ಲಿ. ಮಾತು ಬೇಕು ಅಂತ ಎಲ್ಲಿ ಅನ್ನಿಸುತ್ತದೋ ಅಲ್ಲಿ ಪೆನ್ನು ಕೆಳಗಿಟ್ಟು ಕಾಫಿ ಕುಡಿಯಿರಿ. ಆ ವಾರ ನಾನು ಕುಡಿದಷ್ಟು ಕಾಫಿ ನನ್ನ ಮದುವೆಯಲ್ಲೂ ಖರ್ಚಾಗಿರಲಿಲ್ಲ.

ಕೊನೆಗೆ ಹೀಗೆ ಬರೆದೆ. ಮುದುಕ ಜಗಲಿಯ ಮೇಲೆ ಕೂತು ಮಗ ಬರುವ ದಾರಿ ನೋಡುತ್ತಾನೆ. ಎದುರಿನ ಗದ್ದೆಯಲ್ಲಿ ಕಬ್ಬು ನಾಟಿ. ಮತ್ತೆ ಮುದುಕ. ಮೊಣಕಾಲುದ್ದದ ಕಬ್ಬು. ಮತ್ತೆ ಮುದುಕ. ಕಬ್ಬು ಕಡಿದು ಗಾಡಿಗೆ ತುಂಬುತ್ತಿದ್ದಾರೆ. ಡೈರೆಕ್ಟರಿಗೆ ಇದು ಹಿಡಿಸಿತು. ಮಂಡ್ಯದ ಸುತ್ತ ನಾಲೆಯ ನೀರಿದ್ದುದರಿಂದ ಒಬ್ಬನ ಗದ್ದೆಯಲ್ಲಿ ನಾಟಿ ಇದ್ದರೆ ಇನ್ನೊಬ್ಬನದರಲ್ಲಿ ಕಟಾವು ಇರುತ್ತಿತ್ತು. ಎಲ್ಲವನ್ನೂ ಒಂದೇ ದಿನದಲ್ಲಿ ತೆಗೆಯಬಹುದು ಅಂತ ಖುಷಿಪಟ್ಟರು. ನಾನು ಧೈರ್ಯ ಮಾಡಿ ಅಣ್ಣನ ಬಳಿ ಹೋಗಿ ಓದಿ ಹೇಳಿದೆ.

ಅಣ್ಣ ಎಲೆಯಡಿಕೆ ಜಗಿಯುತ್ತಾ ಪೂರ್ತಿ ಕೇಳಿದರು. ಉಗಿದು ಬಂದು ಕೂತರು.

"ಕಬ್ಬು ಒಂದೊರ್ಸದ ಬೆಳೆ ಕಣಯ್ಯ ಮೇಷ್ಟ್ರೆ. ನಾಟಿ ಆಯ್ತು, ಬೆಳೀತು, ಕಡುದ್ರು. ಒಂದೊರ್ಸ ಆಯ್ತು. ಇನ್ನು ಅನ್ನೊಂದೊರ್ಸ ಎಲ್ಲಿ ಮಡ್ಗಿದ್ದೀಯ?"

ನನಗೆ ಮೈಯೆಲ್ಲ ಉರಿಯಿತು. ಹೇಳಿದವರು ಸ್ವಾರ್ಥಕ್ಕೆ ಹೇಳಿದ್ದು, ತಮ್ಮ ಭಾಷಣ ಉಳಿಸಿಕೊಳ್ಳಲಿಕ್ಕೆ. ಆದರೆ ಹೇಳಿದ್ದು ಸರಿ. ಬೇಸಾಯದವರ ಮಗನಾಗಿ ನನಗೆ ಹೊಳೆಯಬೇಕಾಗಿತ್ತು. ಬೊಂಬಾಯಿಯಲ್ಲಿ ಬೆಳೆ ಬೆಳೆದರೆ ಕಾಲ ಸರಿಯಿತು ಅಂದುಕೊಳ್ಳಬಹುದು. ಮಂಡ್ಯದ ಟೆಂಟಿನಲ್ಲಿ ಕೂತವನು ಬೆರಳು ಮಡಿಚಿ ಲೆಕ್ಕ ಹಾಕಿ, ಜೈಲಿನವನು ಒಂದೇ ವರ್ಷಕ್ಕೆ ಬಂದುಬಿಟ್ಟ, ಅಪ್ಪನಿಗೆ ಅಷ್ಟರಲ್ಲೇ ಯಾಕೆ ಇಷ್ಟು ಮುಪ್ಪು ಅಂತ ನಗುತ್ತಾನೆ. ಅಣ್ಣ, ನನ್ನ ಭಾಷಣ ಒಂದು ಉಸಿರಿಗೆ ಹನ್ನೆರಡು ವರ್ಷ ಕೊಡುತ್ತದೆ, ಅದನ್ನೇ ಮಡಗು ಅಂದು ಎಲೆಯಡಿಕೆಯ ಚೀಲದ ಬಾಯಿ ಬಿಗಿದರು.

ಸಿಟ್ಟಿಗೆ ನಾನು ಊರಿಗೆ ಹೊರಟೆ. ಮದ್ದೂರಿಗೆ ಹೋಗಿ, ಅಲ್ಲಿಂದ ಮಳವಳ್ಳಿಯ ಬಸ್ಸು ಹಿಡಿದು ಕಿಟಕಿಯ ಪಕ್ಕ ಕೂತೆ. ಮದ್ದೂರಿನ ಕಡೆ ಹಸಿರು ಕಣ್ಣು ಚುಚ್ಚುತ್ತಿತ್ತು. ಮುಂದೆ ಹೋದ ಹಾಗೆ ಒಂದು ಕಡೆ ಮರಿನಾಲೆ ಇನ್ನೂ ಅಗೆಯುತ್ತಿದ್ದರು, ಮಣ್ಣಿನ ಬುಟ್ಟಿ ಹೊತ್ತ ಹೆಂಗಸರ ಸಾಲು ಏರಿ ಹತ್ತುತ್ತಿತ್ತು. ಅದಕ್ಕಿಂತ ಮುಂದೆ ನೀರು ಹತ್ತದ ಮೇಲಿನ ಹೊಲಗಳು, ಸೊರಗಿದ ರಾಗಿ. ಮಳವಳ್ಳಿ ಬರುವ ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು. ಈ ಸೀಮೆಯಲ್ಲಿ ಹನ್ನೆರಡು ವರ್ಷ ಅಂದರೆ ಏನು ಅಂತ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಣ ರಾಗಿ ಹೊಲ ಇತ್ತು, ನಾಲೆ ಅಗೆದರು, ನೀರು ಬಂತು, ಭತ್ತ ಹಾಕಿದರು, ಕಬ್ಬು ಹಾಕಿದರು, ಕಾರ್ಖಾನೆಯ ಚಿಮಣಿ ಎದ್ದಿತು. ಎಲ್ಲರೂ ಅದನ್ನು ಜಗಲಿಯ ಮೇಲೆ ಕೂತೇ ನೋಡಿದವರು. ನಾನು ಊರಿಗೆ ಹೋಗದೆ ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ. ಕಂಡಕ್ಟರು ಏನನ್ನಾದರೂ ಮರೆತು ಬಂದೆಯಾ ಅಂತ ಕೇಳಿದ.

ಈ ಸಲ ಅಣ್ಣನಿಗೆ ಓದಿ ಹೇಳಲಿಲ್ಲ. ಬಿಡಾರದ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದೆ. ನನಗೆ ಚಿತ್ರ ಬರುವುದಿಲ್ಲ. ರಾಗಿ ತೆನೆ ಕೋಳಿಯ ಕಾಲಿನ ಹಾಗಿತ್ತು. ಆದರೂ ನಾಲೆಯ ಏರಿಯ ಮೇಲೆ ಬುಟ್ಟಿ ಹೊತ್ತವರ ಸಾಲು ಬರೆಯುತ್ತಿದ್ದ ಹಾಗೆ ಅಣ್ಣ ಜಗಿಯುವುದು ನಿಲ್ಲಿಸಿದರು. ನೀರು ಬರೆದೆ, ಭತ್ತ ಬರೆದೆ. ಅವರು ಗೋಡೆಯ ಹತ್ತಿರ ಬಂದು ನೀರಿನ ಗೆರೆಯ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, ನಮ್ಮಪ್ಪ ಈ ನೀರು ನೋಡದೇ ಹೋದ ಕಣಯ್ಯ ಅಂದರು. ಗಂಡಸರಿಬ್ಬರು ಹಾಗೆ ನಿಂತಿರುವುದು ಚೆನ್ನಾಗಿರುವುದಿಲ್ಲ ಅಂತ ನಾನು ಇದ್ದಿಲು ಎಸೆದು ಕೈ ತೊಳೆದುಕೊಂಡೆ.

ಹಾಗಂತ ಅವರು ಪೂರ್ತಿ ಮೆತ್ತಗಾಗಲಿಲ್ಲ. ಪ್ರತಿ ಹೊಲದ ನಡುವೆ ನನ್ನ ಮುಖ ಬರುತ್ತದಲ್ಲ, ಅದು ಎಷ್ಟು ದೊಡ್ಡದು ಅಂತ ಕೇಳಿದರು. ಟೆಂಟಿನ ಪರದೆಯಷ್ಟು ದೊಡ್ಡದು ಅಂದೆ. ನಾಯಕನದು? ಅವನು ಯಾವಾಗಲೂ ನಾಯಕಿಯ ಜೊತೆ ನಿಲ್ಲುವುದರಿಂದ ಅರ್ಧ ಅಂದೆ. ಅಣ್ಣ ಒಪ್ಪಿದರು.

ಡೈರೆಕ್ಟರು ಅವರಿಗೆ ತಲೆಗೆ ಕಾಡಿಗೆ ಹಚ್ಚುವುದು ನಿಲ್ಲಿಸಿ ಗಡ್ಡ ಬಿಡಲು ಹೇಳಿದರು. ಗಡ್ಡ ಅಚ್ಚ ಬೆಳ್ಳಗೆ ಬಂತು. ಅಣ್ಣ ಹಗಲೆಲ್ಲ ರುಮಾಲು ಕಟ್ಟಿ, ಗಡ್ಡದ ಮೇಲೆ ಟವೆಲು ಹಾಕಿಕೊಂಡು ಹಲ್ಲುನೋವು ಅಂತ ಹೇಳುತ್ತಾ ಓಡಾಡಿದರು. ರಾತ್ರಿ ಆಟಕ್ಕೆ ಮಾತ್ರ ಆ ಬಿಳಿ ಗಡ್ಡಕ್ಕೆ ತಪ್ಪದೆ ಬಿಳಿ ಪುಡಿ ಹಚ್ಚಿದರು.

ಮುಖದ ಚಿತ್ರಗಳನ್ನು ತೆಗೆದದ್ದು ಮದ್ದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಒಂದೇ ಮನೆಯ ಜಗಲಿಯ ಮೇಲೆ, ಒಂದೇ ದಿನ. ಶಬ್ದದ ಯಂತ್ರ ತಂದಿರಲಿಲ್ಲ. ರಾಗಿ ಬೀಸುವ ಪದವೊಂದನ್ನು ಆಮೇಲೆ ಸ್ಟುಡಿಯೋದಲ್ಲಿ ಹಾಡಿಸಿ ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಹಾಸುವುದು ಅಂತ ಮಾತಾಗಿತ್ತು. ಚಿತ್ರ ತುಂಡು ತುಂಡಾದರೂ ಹಾಡು ತುಂಡಾಗದಿದ್ದರೆ ನೋಡುವವರು ದಾರಿ ತಪ್ಪುವುದಿಲ್ಲವಂತೆ. ಕ್ಯಾಮರಾದ ಮೂರು ಕಾಲಿನ ಸುತ್ತ ಸುಣ್ಣದ ಗುರುತು ಹಾಕಿದರು. ಅಣ್ಣ ಕೂರುವ ಜಾಗಕ್ಕೂ ಗುರುತು, ಅವರು ನೋಡಬೇಕಾದ ಕಡೆಗೂ ಗುರುತು. ಬಿಸಿಲು ಸರಿದದ್ದು ಗೊತ್ತಾಗದಿರಲಿ ಅಂತ ಮೇಲೆ ಬಿಳಿ ಬಟ್ಟೆ ಕಟ್ಟಿ, ಹೊಳೆಯುವ ಬೇಗಡೆ ಕಾಗದ ಅಂಟಿಸಿದ ಹಲಗೆಯಿಂದ ಮುಖಕ್ಕೆ ಬೆಳಕು ಬಿಟ್ಟರು. ಅಣ್ಣ ಹೊಲ ಎಲ್ಲಿ ಅಂತ ಕೇಳಿದರು. ಎದುರಿಗೆ ಇದ್ದದ್ದು ಒಬ್ಬರ ದನದ ಕೊಟ್ಟಿಗೆಯ ಗೋಡೆ. ರಾಗಿ ಹೊಲ ಮಳವಳ್ಳಿ ಕಡೆ, ಕಬ್ಬು ಮಂಡ್ಯದ ಕಡೆ, ಅದನ್ನು ನಾಳೆ ತೆಗೆಯುತ್ತೇವೆ. ನೀವು ನೋಡಿದಿರಿ, ಆಮೇಲೆ ಹೊಲ ಬಂತು ಅಂದರೆ ಜನ ನೀವು ಹೊಲವನ್ನೇ ನೋಡಿದಿರಿ ಅಂತ ತಿಳಿಯುತ್ತಾರೆ ಅಂತ ಡೈರೆಕ್ಟರು ವಿವರಿಸಿದರು. ಅಣ್ಣ ಗೋಡೆಯನ್ನೇ ಮಗ ಅಂದುಕೊಂಡು ನೋಡಿದರು. ನಟ ಅಂದರೆ ನಟ, ಅದರಲ್ಲಿ ಎರಡು ಮಾತಿಲ್ಲ.

ಗಡ್ಡ ಬೋಳಿಸುವುದು ಒಂದು ಗಳಿಗೆಯ ಕೆಲಸ, ಬೆಳೆಸುವುದು ತಿಂಗಳಿನ ಕೆಲಸ. ಆದ್ದರಿಂದ ಕೊನೆಯ ಚಿತ್ರವನ್ನು ಮೊದಲು ತೆಗೆದರು. ಬೆಳಿಗ್ಗೆ ಅಣ್ಣ ಎಂದಿನ ಹಾಗೆ ಪುಡಿ ಹಚ್ಚಿ, ಗೆರೆ ಎಳೆದು ಬಂದು ಕೂತರು. ಡೈರೆಕ್ಟರು ನೀರು ತರಿಸಿ ಮುಖ ತೊಳೆಯಿರಿ ಅಂದರು.

"ಬಣ್ಣ ಇಲ್ದೆ ಮುದ್ಕ ಆಗಾದೆಂಗೆ?" ಅಂದರು ಅಣ್ಣ.

ಡೈರೆಕ್ಟರು ಕ್ಯಾಮರಾದ ಕಡೆ ತಿರುಗಿಕೊಂಡರು, ನಾನು ಕೊಟ್ಟಿಗೆಯ ಕಡೆ. ಅಣ್ಣ ತೊಳೆದುಕೊಂಡು ಬಂದು ಕೂತರು. ಅದನ್ನು ತೆಗೆದಾಯಿತು. ಆಮೇಲೆ ಕ್ಷೌರದವನು ಬಂದು ಗಡ್ಡ ಕತ್ತರಿಸಿ ಗಿಡ್ಡ ಮಾಡಿದ, ಇನ್ನೊಂದು ತೆಗೆದರು. ಗಡ್ಡ ಪೂರ್ತಿ ಬೋಳಿಸಿ ಮೀಸೆ ಉಳಿಸಿ ಇನ್ನೊಂದು. ಮೀಸೆಗೆ ಅರೆಗಪ್ಪು ಹಚ್ಚಿ ಇನ್ನೊಂದು. ಹೊತ್ತು ಏರಿದ ಹಾಗೆ ಅಣ್ಣನ ಮುಖ ಅರಳುತ್ತಾ ಬಂತು. ಸಂಜೆಯ ಹೊತ್ತಿಗೆ ತಲೆಯೂ ಮೀಸೆಯೂ ಕಪ್ಪಾಗಿ, ಕೆನ್ನೆಗೆ ಸ್ವಲ್ಪ ಕೆಂಪು ಹಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಾಗ ಆ ಮನೆಯ ಹೆಂಗಸರು ಬಾಗಿಲ ಹಿಂದಿನಿಂದ ಇಣುಕಿ ನೋಡಿದರು. ಅಣ್ಣ ಅದನ್ನು ಗಮನಿಸಿದರು. ಬಣ್ಣ ಒರೆಸದೆ ಹಾಗೇ ಮದ್ದೂರಿನ ಪೇಟೆಯಲ್ಲಿ ಒಂದು ಸುತ್ತು ಹೊಡೆದು, ಕಾಫಿ ಕೊಡಿಸಿದರು. ಭಾಷಣದ ಸುದ್ದಿಯನ್ನೇ ಎತ್ತಲಿಲ್ಲ. ನಾಟಕದಲ್ಲಿ ಮೊದಲು ಆಡಿದ್ದು ಮೊದಲು, ಆಮೇಲೆ ಆಡಿದ್ದು ಆಮೇಲೆ. ಅವರ ಜೀವಮಾನವೆಲ್ಲ ಹಾಗೇ ನಡೆದಿತ್ತು. ಅದಕ್ಕೇ ನಾನು ಬಿಡಿಸಿ ಹೇಳಿದೆ, ಇವತ್ತು ತೆಗೆದದ್ದನ್ನು ತಿರುಗಾಮುರುಗಾ ಮಾಡಿ ಜೋಡಿಸುತ್ತಾರೆ, ಬೆಳಗಿನದು ಕೊನೆಗೆ ಬರುತ್ತದೆ ಅಂತ. ಆಗಲಿ ಬುಡು, ಅಂಟಿಸೋರು ಅಂಟಿಸಿಕೊಳ್ಳುತ್ತಾರೆ ಅಂದು ಅವರು ಹೋಟೆಲಿನ ಕನ್ನಡಿಯಲ್ಲಿ ಮೀಸೆ ನೋಡಿಕೊಂಡರು.

ಉಳಿದ ಚಿತ್ರ ದೂರದ ಸ್ಟುಡಿಯೋದಲ್ಲಿ ಆಯಿತು. ಜೋಡಿಸುವ ಕೆಲಸವೂ ಅಲ್ಲೇ. ಜೋಡಿಸಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಮುಂದಿನ ವರ್ಷ ಮಂಡ್ಯದ ಟೆಂಟಿಗೆ ಚಿತ್ರ ಬಂದಾಗ ನಮ್ಮ ಕ್ಯಾಂಪೂ ಮತ್ತೆ ಅಲ್ಲೇ ಇತ್ತು. ಮೊದಲ ದಿನದ ಸಂಜೆಯ ಆಟಕ್ಕೆ ಅಣ್ಣ ಕಾಡಿಗೆ ಹಚ್ಚಿ, ಸರಿಗೆ ಪಂಚೆ ಉಟ್ಟು ಬಂದರು. ಬೆಂಚಿನ ಮೇಲೆ ಅವರ ಪಕ್ಕ ನಾನು ಕೂತೆ. ಮುಂದೆ ಮರಳಿನ ಮೇಲೆ ಜನ ತುಂಬಿದ್ದರು.

ಮಗನನ್ನು ಪೊಲೀಸಿನವರು ಕರೆದೊಯ್ದರು. ಬೀಸುವ ಪದ ಶುರುವಾಯಿತು. ಪರದೆಯ ತುಂಬ ಅಣ್ಣನ ಮುಖ, ಕಪ್ಪು ಮೀಸೆ, ನೆಟ್ಟಗಿನ ಬೆನ್ನು. ಅಣ್ಣ ನನ್ನ ಮೊಣಕೈ ತಿವಿದು ಕೈಯನ್ನು ಅಲ್ಲೇ ಇಟ್ಟರು. ರಾಗಿ ಹೊಲ ಬಂತು. ಹೊಲ ಕರಗಿ ಮತ್ತೆ ಮುಖ ಮೂಡಿತು, ಮೀಸೆಗೆ ಬೂದಿ ಬಣ್ಣ. ನಾಲೆ ಅಗೆಯುವವರು ಬಂದರು. ಮರಳಿನ ಮೇಲಿಂದ ಯಾರೋ "ನಾಲೆ ಕಣ್ಲಾ" ಅಂದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಎದ್ದು ಅವನ ಕಾಲಿಗೆ ಬೀಳೋಣ ಅನ್ನಿಸಿತು. ಮುಖ, ನೀರು. ಮುಖ, ಭತ್ತ. ಕಬ್ಬು ಬಂದಾಗ ಶಿಳ್ಳೆ ಬಿತ್ತು. ನಾಯಕನಿಗೆ ಅಷ್ಟು ಬಿದ್ದಿರಲಿಲ್ಲ. ಪ್ರತಿಸಲ ಅದೇ ಜಗಲಿ, ಅದೇ ಕಂಬ, ಅದೇ ನೋಟ. ಮುಖ ಮಾತ್ರ ಇಳಿಯುತ್ತಾ ಇಳಿಯುತ್ತಾ ಬಂತು. ಕೊನೆಗೆ ಚಿಮಣಿಯ ಹೊಗೆ ಕರಗಿ ಆ ಬೆಳಿಗ್ಗೆಯ ಮುಖ ಬಂದು ನಿಂತಿತು, ಪುಡಿ ಇಲ್ಲದ್ದು, ಗೆರೆ ಎಳೆಯದ್ದು. ಡೈರೆಕ್ಟರು ಹೇಳಿದ ಹಾಗೆ ಅದನ್ನು ಬೇಗ ಬಿಡಲಿಲ್ಲ. ನಮ್ಮ ಹಿಂದೆ ಕೂತಿದ್ದ ಹೆಂಗಸೊಬ್ಬಳು ಅಯ್ಯೋ, ಮುದುಕಪ್ಪ ಎಷ್ಟು ಸವೆದುಹೋದ ನೋಡವ್ವ ಅಂದು ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಪಕ್ಕಕ್ಕೆ ತಿರುಗಲಿಲ್ಲ. ನನ್ನ ಮೊಣಕೈ ಮೇಲಿದ್ದ ಅಣ್ಣನ ಕೈ ಅಲ್ಲೇ ಇತ್ತು. ಮಗ ಬಂದ, ಎಲ್ಲರೂ ಅತ್ತರು, ಮಂಗಳವಾಯಿತು.

ಹೊರಗೆ ಮಾಲೀಕರು ಬಂದು ಅಣ್ಣನ ಕೈ ಹಿಡಿದು ಕುಲುಕಿದರು. ಜನಕ್ಕೆ ಎಲ್ಲ ಅರ್ಥವಾಯಿತು, ಒಂದು ಮಾತಿಲ್ಲದೆ ಅರ್ಥವಾಯಿತು ಅಂತ ಸಂತೋಷಪಟ್ಟರು. ಅಣ್ಣ ಹೂಂ ಅಂದರು. ನಾವಿಬ್ಬರೂ ಬಿಡಾರದ ಕಡೆ ನಡೆದೆವು. ಕಾರ್ಖಾನೆಯ ಪಾಳಿ ಬಿಟ್ಟು ಜನ ಎದುರಿಗೆ ಬರುತ್ತಿದ್ದರು. ಅವರಿಗೆ ದಾರಿ ಬಿಡಲು ಅಣ್ಣ ಪಕ್ಕಕ್ಕೆ ಸರಿದು ನಿಂತರು.

"ಚೆಂದಾಗಿ ಬರ್ದಿದ್ದೀಯ ಕಣಯ್ಯ," ಅಂದರು. "ಮಾತಿದ್ದಿದ್ರೆ ಮುಪ್ಪ ಮುಚ್ಕಬೋದಿತ್ತು."